ಪಿಚ್‌ಗೆ ಹೋಗುವ ಮುಂಚೆ, ನೆಲ್ಲಿನ ಲೆಕ್ಕ ಇನ್ನೊಮ್ಮೆ

ದೋಸ್ತ,

ನೆಲ್ಲಿನ ಹಸಿ, ಅಂದರೆ ತೇವಾಂಶ, ಅಳೆಯುವ ನಿಮ್ಮ ಸಲಾಕೆಗೆ ಹೂಡಿಕೆ ಕೇಳುವ ಭಾಷಣದ ಕರಡು ಓದಿದೆ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದರೆ ಏಳು ನಿಮಿಷ ಆಗುತ್ತದೆ. ಪಿಚ್‌ನಲ್ಲಿ ಐದು ನಿಮಿಷಕ್ಕೆ ಗಂಟೆ ಬಾರಿಸುತ್ತಾರೆ, ಮತ್ತೆ ನೀನು ಎಷ್ಟು ದುಡ್ಡು ಬೇಕು ಅಂತ ಹೇಳುವುದು ಆರನೇ ನಿಮಿಷದಲ್ಲಿ! ಅದಕ್ಕೆ ಮೊದಲು ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ ಅನ್ನುವ ಒಂದೂವರೆ ನಿಮಿಷ ಕಿತ್ತು ಹಾಕು. ಏಂಜೆಲ್ ಹೂಡಿಕೆದಾರರು ಹಾಕುವುದು ಸ್ವಂತ ಹಣ. ಯಾರಿಗೆ ಎಷ್ಟು ನಷ್ಟ ಆಗುತ್ತಿದೆ, ಅದನ್ನು ತಪ್ಪಿಸಿದವನಿಗೆ ನಷ್ಟ ಪಡುವವರು ಎಷ್ಟು ಕೊಟ್ಟಾರು, ಇದು ಮೊದಲು ಹೂಡಿಕೆದಾರರ ಕಿವಿಗೆ ಬೀಳಬೇಕು.

ಹಾಗಾಗಿ ಒಂದು ಲಾರಿಯಿಂದ ಶುರುಮಾಡು. ಗಂಗಾವತಿಯ ಮಿಲ್ಲಿಗೆ 200 ಕ್ವಿಂಟಲ್ ನೆಲ್ಲು ಬಂತು. ಖರೀದಿ ಮಾಡುವವನು ನಾಲ್ಕು ಕಾಳು ಕಚ್ಚಿ ನೋಡಿ ಹಸಿ ಶೇ. 18 ಅಂದ, ಅದೇ ಲೆಕ್ಕದಲ್ಲಿ ಹಣ ಕೊಟ್ಟ. ನಿಜಕ್ಕೂ ಇದ್ದದ್ದು 20. ಮಿಲ್ಲಿನವರು ಅದನ್ನು 14ಕ್ಕೆ ಒಣಗಿಸುತ್ತಾರೆ. ಕರಡಿನಲ್ಲಿ ನೀನು 20ರಲ್ಲಿ 14 ಕಳೆದು, ಕ್ವಿಂಟಲಿಗೆ 6 ಕೆಜಿ ಕಡಿಮೆ ಅಂತ ಬರೆದಿದ್ದೀಯ. ಅದು ತಪ್ಪು, ಮಿಲ್ಲು ನಡೆಸಿದವರೊಬ್ಬರು ಮುಂದೆ ಕೂತಿದ್ದರೆ ಅಲ್ಲೇ ಹಿಡಿಯುತ್ತಾರೆ. 100 ಕೆಜಿಯಲ್ಲಿ ನೀರು ಬಿಟ್ಟರೆ ಉಳಿಯುವುದು 80 ಕೆಜಿ. ಒಣಗಿದ ಮೇಲೆ ಆ 80 ಕೆಜಿಯೇ ಒಟ್ಟು ತೂಕದ ಶೇ. 86 ಆಗುತ್ತದೆ. ಅಂದರೆ ಕೈಗೆ ಸಿಗುವುದು 93 ಕೆಜಿ, ಹೋಗುವುದು 7. ಅದೇ 18ರ ಹಸಿ ಆಗಿದ್ದರೆ 95.3 ಕೆಜಿ ಸಿಗುತ್ತಿತ್ತು. ವ್ಯತ್ಯಾಸ ಕ್ವಿಂಟಲಿಗೆ 2.3 ಕೆಜಿ, ಲಾರಿಗೆ ನಾಲ್ಕೂವರೆ ಕ್ವಿಂಟಲಿಗಿಂತ ಹೆಚ್ಚು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ ಹಿಡಿದರೂ ಒಂದು ಲಾರಿಯಲ್ಲಿ ಸುಮಾರು 11,000 ಹೋಯಿತು. ಇಷ್ಟು ಹೇಳಿ ಎರಡು ಸೆಕೆಂಡ್ ಸುಮ್ಮನಿರು.

ಆಮೇಲೆ ಯಂತ್ರ, ನಲವತ್ತು ಸೆಕೆಂಡಿನಲ್ಲಿ. ಕೈಯಲ್ಲಿ ಹಿಡಿಯುವ ಮಾಯಿಶ್ಚರ್ ಮೀಟರ್ ಪೇಟೆಯಲ್ಲಿ ಇದೆಯಲ್ಲ ಅಂತ ಖಂಡಿತ ಕೇಳುತ್ತಾರೆ, ಉತ್ತರ ಭಾಷಣದೊಳಗೇ ಇರಲಿ: ಅದು ಮೇಲಿನ ಕೆಲವು ಚೀಲದ ಹಿಡಿ ಕಾಳು ನೋಡುತ್ತದೆ, ನಂಬರ್ ಬರೆಯುವವನು ಮನುಷ್ಯ. ನಿನ್ನ ಸಲಾಕೆ ಪ್ರತಿ ಚೀಲಕ್ಕೂ ಇಳಿಯುತ್ತದೆ, ಸರಾಸರಿ ನೇರವಾಗಿ ವೇಬ್ರಿಜ್ ಚೀಟಿಯ ಮೇಲೆ ಬರುತ್ತದೆ. ಅಷ್ಟು ಸಾಕು. ವೇದಿಕೆಯಲ್ಲಿ ತೋರಿಸುವುದಾದರೆ ಎರಡು ಸಣ್ಣ ಚೀಲ ನೆಲ್ಲನ್ನು ಹಿಂದಿನ ದಿನ ಅಳೆದು, ಗಾಳಿ ಆಡದಂತೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಒಯ್ಯಿ. ಏಸಿ ಹಾಲಿನಲ್ಲಿ ಬಿಚ್ಚಿಟ್ಟರೆ ಮೇಲಿನ ಕಾಳು ಒಣಗುತ್ತದೆ. ಕಾಳು ತಣ್ಣಗಾದರೂ ರೀಡಿಂಗ್ ಬದಲಾಗುತ್ತದೆ.

ಮಾರುಕಟ್ಟೆಯ ಸ್ಲೈಡಿನಲ್ಲಿ ದೇಶದ ಅಕ್ಕಿ ವ್ಯಾಪಾರ ಇಷ್ಟು ಲಕ್ಷ ಕೋಟಿ ಅಂತಿದೆ. ತೆಗೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್ಲುಗಳನ್ನು ಎಣಿಸಿ, ಒಂದು ಮಿಲ್ಲು ವರ್ಷಕ್ಕೆ ಕೊಡುವ ಹಣದಿಂದ ಗುಣಿಸು. ಸಣ್ಣ ಸಂಖ್ಯೆ ಬಂದರೆ ಬರಲಿ. ಮೂರು ಮಿಲ್ಲಿನಲ್ಲಿ ಸಲಾಕೆ ಇಟ್ಟಿದ್ದೀಯ, ಎರಡು ಹಣ ಕೊಡುತ್ತಿವೆ. ಮೂರನೆಯದು ಬಿಟ್ಟಿ ಅಂತ ನೀನೇ ಹೇಳಿಬಿಡು.

ಈಗ ದುಡ್ಡಿನ ಮಾತು. ಒಂದು ಕಡೆ "40 ಲಕ್ಷಕ್ಕೆ ಶೇ. 10" ಅಂದಿದ್ದೀಯ, ಇನ್ನೊಂದು ಕಡೆ "ಈಗ ಕಂಪನಿಯ ಬೆಲೆ 4 ಕೋಟಿ". ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. 40 ಲಕ್ಷಕ್ಕೆ ಶೇ. 10 ಅಂದರೆ ಹಣ ಬಂದ ಮೇಲೆ 4 ಕೋಟಿ, ಮೊದಲು 3.6 ಕೋಟಿ. ಈಗಲೇ 4 ಕೋಟಿ ಅಂದರೆ ಅವರಿಗೆ ಸಿಗುವುದು ಶೇ. 9.1 ಮಾತ್ರ. ಮೊದಲನೆಯದನ್ನು ಇಟ್ಟುಕೊ. 18 ತಿಂಗಳಲ್ಲಿ ಹಣ ಕೊಡುವ 60 ಮಿಲ್ಲು ಅಂತ ಗುರಿ ಹೇಳು. "ಮಾರ್ಕೆಟಿಂಗ್‌ಗೆ ಇಷ್ಟು" ಅಂತ ಹೇಳಬೇಡ.

ಕಾಲೇಜು ಹುಡುಗರನ್ನು ನೋಡಿದಾಗ ಹೂಡಿಕೆದಾರರ ತಲೆಯಲ್ಲಿ ಓಡುವ ಪ್ರಶ್ನೆ ಒಂದೇ: ಕ್ಯಾಂಪಸ್ ಪ್ಲೇಸ್‌ಮೆಂಟ್ ಬಂದರೆ ಇವರಲ್ಲಿ ಯಾರು ಓಡಿಹೋಗುತ್ತಾರೆ? ಇದಕ್ಕೆ ಕಾಗದದಲ್ಲಿ ಉತ್ತರ ಬೇಕು. ನಿಮ್ಮ ಮೂವರ ಷೇರೂ ನಾಲ್ಕು ವರ್ಷದಲ್ಲಿ ಕೈಗೆ ಬರುವಂತೆ ವೆಸ್ಟಿಂಗ್ ಮಾಡಿಕೊಳ್ಳಿ, ಮೊದಲ ವರ್ಷ ಮುಗಿಯುವ ಮುಂಚೆ ಬಿಟ್ಟವನಿಗೆ ಏನೂ ಇಲ್ಲ. ಸಲಾಕೆ ತಯಾರಾದದ್ದು ಕಾಲೇಜು ಲ್ಯಾಬಿನಲ್ಲಿ, ಆದ್ದರಿಂದ ಅದರ ಹಕ್ಕು ಕಂಪನಿಯದು ಅಂತ ಪ್ರಿನ್ಸಿಪಾಲರ ಪತ್ರವೂ ಇರಲಿ. ಪ್ರೈವೇಟ್ ಲಿಮಿಟೆಡ್ ನೋಂದಣಿ ಬಾಕಿ ಇದ್ದರೆ ಈ ವಾರವೇ ಮುಗಿಸು. ಪಾಲುದಾರಿಕೆ ಸಂಸ್ಥೆಯಲ್ಲಿ ಕೊಡಲು ಷೇರೇ ಇರುವುದಿಲ್ಲ.

ಪ್ರಶ್ನೋತ್ತರದಲ್ಲಿ ತುಂಗಭದ್ರಾ ಅಣೆಕಟ್ಟಿನ ಮಾತು ಬರುತ್ತದೆ, ಈ ಭಾಗದ ನೆಲ್ಲಿಗೆ ನೀರು ಅಲ್ಲಿಂದ. 2024ರ ಆಗಸ್ಟಿನಲ್ಲಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಬೇಸಿಗೆ ಬೆಳೆಗೆ ನೀರು ಬಿಡದಿದ್ದರೆ ನಿನ್ನ ಅರ್ಧ ವರ್ಷದ ಆದಾಯ ಏನಾಗುತ್ತದೆ ಅಂದರೆ, "ಮೆಕ್ಕೆಜೋಳಕ್ಕೂ ನಡೆಯುತ್ತದೆ" ಅಂತ ಬಾಯಿಮಾತಿಗೆ ಹೇಳಬೇಡ. ಒಂದೊಂದು ಕಾಳಿಗೂ ಬೇರೆ ಕ್ಯಾಲಿಬ್ರೇಷನ್ ಬೇಕು. ಮೆಕ್ಕೆಜೋಳದ್ದನ್ನು ಓವನ್‌ನಲ್ಲಿ ಒಣಗಿಸಿ ತೂಗಿ ತಾಳೆ ನೋಡಿದ ಹಾಳೆ ಚೀಲದಲ್ಲಿದ್ದರೆ ತೆಗೆದು ತೋರಿಸು. ಇಲ್ಲದಿದ್ದರೆ ಮಿಲ್ಲಿನಿಂದ ವರ್ಷದ ಹಣ ಒಂದೇ ಸಲ, ನವೆಂಬರ್‌ನಲ್ಲಿ ಸುಗ್ಗಿಗೆ ಮುಂಚೆ ತೆಗೆದುಕೊಳ್ಳುತ್ತೇವೆ ಅನ್ನು.

ಕಡೆಯ ಸ್ಲೈಡಿನ ಧನ್ಯವಾದ ಅಳಿಸಿ, ಅಲ್ಲಿ 40 ಲಕ್ಷ, ಶೇ. 10, 60 ಮಿಲ್ಲು, ನಿನ್ನ ಫೋನ್ ನಂಬರ್ ಹಾಕು. ಪ್ರಶ್ನೆ ಮುಗಿಯುವ ತನಕ ಪರದೆ ಮೇಲೆ ಇರುವುದು ಅದೇ.

ಹೊಸ ಕರಡು ಕಳಿಸು.

ನಿನ್ನ ದೋಸ್ತ