ಮಂಡಕ್ಕಿ ಜಗಳಕ್ಕೆ ನಾಲ್ಕು ಸಾಲು

ಚಿತ್ರದುರ್ಗ
ಸೋಮವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟು,

ನಿನ್ನ ದೊಡ್ಡಮ್ಮನ ಆಶೀರ್ವಾದ. ಬೆಳಿಗ್ಗೆ ನೀನು ಫೋನ್ ಇಟ್ಟ ಮೇಲೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೆ ಬರೆದೇ ಕಳಿಸುತ್ತಿದ್ದೇನೆ. ಪೂರ್ತಿ ಓದು.

ನಡೆದದ್ದು ಇಷ್ಟು, ಅಲ್ವಾ? ಭಾನುವಾರ ಸಂಜೆ ನಿನ್ನ ಗೆಳೆಯರು ಮನೆಗೆ ಬಂದರು. ಸೊಸೆ ಮಂಡಕ್ಕಿ ಒಗ್ಗರಣೆ ಹಾಕಿ, ಬಿಸಿ ಬಿಸಿ ಮೆಣಸಿನಕಾಯಿ ಕರಿದು ಕೊಟ್ಟಳು. ನೀನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಖಾರಾನೇ ಇಲ್ಲ, ಇದರ ಬದಲು ಅಂಗಡಿಯದೇ ತರಿಸಬಹುದಿತ್ತು" ಅಂದೆ. ಎಲ್ಲರೂ ನಕ್ಕರು. ಅವಳು ಒಳಗೆ ಹೋದವಳು ಹೊರಗೆ ಬರಲಿಲ್ಲ. ರಾತ್ರಿ ಪಾತ್ರೆ ಸದ್ದು ಜಾಸ್ತಿ ಆಯಿತು, ನಿನ್ನ ದನಿಯೂ ಜಾಸ್ತಿ ಆಯಿತು. ಬೆಳಿಗ್ಗೆ ಅವಳು ತಿಂಡಿ ತಿನ್ನದೆ ಪಾಠ ಮಾಡುವ ಶಾಲೆಗೆಂದು ಹರಿಹರದ ಬಸ್ಸು ಹತ್ತಿದಳು.

ಜಗಳ ಸಣ್ಣದು, ಒಪ್ಪುತ್ತೇನೆ. ನನಗೆ ಅದಕ್ಕಿಂತ ಸಂಕಟ ಆದದ್ದು ನೀನು ರಾತ್ರಿ ಹನ್ನೊಂದೂಮುಕ್ಕಾಲಿಗೆ ಅವಳಿಗೆ ಕಳಿಸಿದ ಮೆಸೇಜ್ ಏನಿತ್ತು ಅಂತ ಹೇಳಿದಾಗ. "ಸಾರಿ ಕಣೇ ಬಂಗಾರಿ. ನಿನಗೆ ಬೇಜಾರಾಗಿದ್ರೆ ಸಾರಿ. ತಮಾಷೆಗೆ ಅಂದಿದ್ದು. ಆದ್ರೆ ನೀನೂ ಎಲ್ಲರ ಮುಂದೆ ಮುಖ ಊದಿಸ್ಕೊಂಡು ಹೋಗಬಾರದಿತ್ತು. ಎಲ್ಲಿ, ಒಂದು ಸ್ಮೈಲ್ ಕೊಡು." ಕೊನೆಗೆ ಮುತ್ತು ಕೊಡುವ ಮುಖ ಮೂರು. ಉತ್ತರ ಬರಲಿಲ್ಲ ಅಂತ ಸಿಟ್ಟಿಗೆದ್ದು ಅಳಿಸಿಯೂ ಬಿಟ್ಟೆ. ಅಳಿಸಿದರೂ ವಾಟ್ಸಾಪ್‌ನಲ್ಲಿ ಗುರುತು ಉಳಿಯುತ್ತದೆ ಮಗಾ. ಕ್ಷಮೆ ಕೇಳಿ ವಾಪಸ್ ತಗೊಂಡ ಅಂತಲೇ ಅವಳಿಗೆ ಅನಿಸಿರುತ್ತದೆ.

ಆ ಮೆಸೇಜನ್ನು ಅವಳ ಜಾಗದಲ್ಲಿ ನಿಂತು ಓದು. "ಬೇಜಾರಾಗಿದ್ರೆ" ಅಂದರೆ ಬೇಜಾರಾಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ ಅಂತ ಅರ್ಥ. ತಿಂಡಿ ಬಿಟ್ಟು ಹೋಗುವಷ್ಟು ಆಗಿದೆ, ಇನ್ನೆಂಥ "ಆಗಿದ್ರೆ"? "ಆದ್ರೆ ನೀನೂ" ಅಂದ ಕೂಡಲೇ ಹಿಂದಿನ ಸಾರಿ ಅಳಿಸಿ ಹೋಯಿತು, ಉಳಿದದ್ದು ಅವಳ ಮೇಲಿನ ದೂರು ಮಾತ್ರ. ಅವಳು ಎದ್ದು ಹೋದದ್ದರ ಬಗ್ಗೆ ನಿನಗೆ ಹೇಳುವುದಿದ್ದರೆ ಹೇಳು, ಬೇಡ ಅನ್ನುವುದಿಲ್ಲ. ಇನ್ನೊಂದು ದಿನ, ಎದುರು ಕೂತು.

ಬಂಗಾರಿ, ಸ್ಮೈಲು, ಮುತ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುದ್ದು ಮಾತು ಕೆಟ್ಟದ್ದಲ್ಲ. ಬೇರೆ ದಿನ ಎಷ್ಟು ಬೇಕಾದರೂ ಕರಿ. ಆದರೆ ನೋವಾದ ದಿನ ಮೊದಲು ಅವಳ ನೋವು ನಿನಗೆ ತಿಳಿಯಿತು ಅಂತ ಅವಳಿಗೆ ಗೊತ್ತಾಗಬೇಕು. ಅದಕ್ಕೂ ಮುಂಚೆ ನಗಿಸಲು ಹೋದರೆ ಅವಳು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾಳೆ. ನಕ್ಕರೆ ಏನೂ ಆಗಿಲ್ಲ ಅಂತ ಒಪ್ಪಿಕೊಂಡ ಹಾಗೆ. ನಗದಿದ್ದರೆ ಬಿಗುಮಾನದವಳು ಅನ್ನಿಸಿಕೊಳ್ಳಬೇಕು. ತಪ್ಪು ಮಾಡಿದವನು ನೀನು, ಸಿಕ್ಕಿಬಿದ್ದವಳು ಅವಳು. ಅವಳು ಸುಮ್ಮನಾದದ್ದು ಅದಕ್ಕೇ.

ಹಾಗಾದರೆ ಏನು ಬರೆಯಬೇಕು? ನಾನಾಗಿದ್ದರೆ ಇಷ್ಟು ಬರೆಯುತ್ತಿದ್ದೆ:

"ನಿನ್ನೆ ಗೆಳೆಯರ ಮುಂದೆ ನೀನು ಮಾಡಿದ ಮಂಡಕ್ಕಿನ ಆಡಿಕೊಂಡೆ. ತಪ್ಪು ನನ್ನದೇ. ಇನ್ನು ನಾಲ್ಕು ಜನರ ಮುಂದೆ ಹಾಗೆ ಮಾತಾಡಲ್ಲ. ಈಗಲೇ ಉತ್ತರ ಬರೀಬೇಕು ಅಂತೇನಿಲ್ಲ."

ನಾಲ್ಕೇ ಸಾಲು. ಮೊದಲನೆಯದರಲ್ಲಿ ಮಾಡಿದ ಕೆಲಸ ಹೆಸರು ಹಿಡಿದು ಇದೆ. ಸುಮ್ನೆ "ನಿನ್ನೆ ಆದದ್ದಕ್ಕೆ ಸಾರಿ" ಅಂದರೆ ಯಾವುದಕ್ಕೆ ಅಂತ ಅವಳಿಗೆ ತಿಳಿಯುವುದಿಲ್ಲ. ಖಾರದ ಮಾತಿಗೋ, ರಾತ್ರಿ ಕೂಗಾಡಿದ್ದಕ್ಕೋ? ಅವಳಿಗೆ ನೋವಾದದ್ದು ಖಾರ ಇಲ್ಲ ಅಂದದ್ದಕ್ಕಲ್ಲ, ಅದನ್ನು ಎಲ್ಲರ ಮುಂದೆ ಅಂದದ್ದಕ್ಕೆ. ಅದಕ್ಕೇ "ಗೆಳೆಯರ ಮುಂದೆ" ಅನ್ನುವುದು ಬಿಟ್ಟು ಹೋಗಬಾರದು.

"ಕ್ಷಮಿಸು" ಅಂತ ನಾನು ಎಲ್ಲೂ ಕೇಳಿಲ್ಲ, ಗಮನಿಸಿದೆಯಾ? ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿದವಳು ನಾನು, ಈಗಲೂ ಇಂಥದ್ದು ಕಂಡರೆ ಓದುತ್ತೇನೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಗಾರರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 755 ಜನರಿಗೆ ತರತರದ ಕ್ಷಮಾಪಣೆ ಓದಲು ಕೊಟ್ಟು, ಯಾವುದು ಮನಸ್ಸಿಗೆ ಹಿಡಿಸಿತು ಅಂತ ಕೇಳಿದ್ದರು. ತಪ್ಪು ನನ್ನದು ಅಂತ ಒಪ್ಪಿಕೊಳ್ಳುವುದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಬಂತು. ಆಮೇಲೆ ಸರಿಪಡಿಸುತ್ತೇನೆ ಅನ್ನುವ ಮಾತು. ಕ್ಷಮಿಸಿ ಅಂತ ಬೇಡುವುದಕ್ಕೆ ಎಲ್ಲಕ್ಕಿಂತ ಕಡಿಮೆ. ಅದು ಕೆಲಸದ ಜಾಗದ ತಪ್ಪಿನ ಬಗ್ಗೆ ಮಾಡಿದ್ದು, ಗಂಡ ಹೆಂಡತಿ ಜಗಳದ್ದಲ್ಲ. ಆದರೂ ಮನೆಯಲ್ಲಿ ನಾನು ಕಂಡದ್ದೂ ಅದನ್ನೇ. "ಕ್ಷಮಿಸು" ಅಂದರೆ ಅವಳಿಂದ ಏನೋ ಕೇಳಿದ ಹಾಗೆ. "ತಪ್ಪು ನನ್ನದು" ಅಂದರೆ ನೀನು ಕೊಟ್ಟ ಹಾಗೆ.

ನನಗೂ ಒಮ್ಮೆ ಇಂಥ ಮಾತು ಬಂದಿತ್ತು. ಆಗ ಮೊಬೈಲ್ ಎಲ್ಲಿ? ನಿಮ್ಮ ದೊಡ್ಡಪ್ಪ ನನ್ನ ಊಟದ ಡಬ್ಬಿಯ ಚೀಲದಲ್ಲಿ ಕ್ಯಾಲೆಂಡರಿನ ಹಾಳೆ ಮಡಚಿ ಇಟ್ಟಿದ್ದರು. "ನಿಮ್ಮಪ್ಪನ ಎದುರು ನಾನು ಹಾಗೆ ಅನ್ನಬಾರದಿತ್ತು. ತಪ್ಪು ನನ್ನದು." ಅಷ್ಟೇ. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಮತ್ತೆ ಮಡಚಿಟ್ಟೆ. ಆ ಮಧ್ಯಾಹ್ನ ರೊಟ್ಟಿ ಗಂಟಲಲ್ಲಿ ಇಳಿಯಿತು. ಆ ಚೀಟಿ ಇನ್ನೂ ನನ್ನ ಸೀರೆಯ ಪೆಟ್ಟಿಗೆಯಲ್ಲಿದೆ.

ಮೂರನೆಯ ಸಾಲನ್ನು ನಡೆಸಿಕೊಡುವುದಾದರೆ ಮಾತ್ರ ಬರಿ. ಮುಂದಿನ ವಾರ ಮತ್ತೆ ಯಾರದೋ ಎದುರು ಆಡಿಕೊಂಡರೆ, ಆಮೇಲೆ ನೀನು ಎಷ್ಟು ಚೆನ್ನಾಗಿ ಬರೆದರೂ ಅವಳು ನಂಬುವುದಿಲ್ಲ. ನಂಬಲೂಬಾರದು.

ಮೆಸೇಜನ್ನು ಅವಳು ಶಾಲೆ ಬಿಡುವ ಹೊತ್ತಿಗೆ ಕಳಿಸು. ತರಗತಿಯಲ್ಲಿ ಮಕ್ಕಳ ಮುಂದೆ ಕದ್ದು ಓದುವ ಹಾಗೆ ಆಗಬಾರದು. ಹರಿಹರದಿಂದ ಬರುವಾಗ ಬಸ್ಸಿನಲ್ಲಿ ಅವಳು ಒಬ್ಬಳೇ ಇರುತ್ತಾಳೆ, ಕಿಟಕಿ ಪಕ್ಕ ಕೂತು ಎರಡು ಸಲ ಓದಿಕೊಳ್ಳಲಿ. ನೀಲಿ ಗೆರೆ ಬಂತು, ಉತ್ತರ ಇಲ್ಲ ಅಂತ ಇನ್ನೊಂದು ಮೆಸೇಜ್ ಹಾಕಬೇಡ. "ಇನ್ನೂ ಕೋಪನಾ?" ಅಂತ ಕೇಳಬೇಡ. "ಹೂಂ" ಅಂತಷ್ಟೇ ಬಂದರೂ ಒಳ್ಳೆಯದೇ, ಆ ಹೊತ್ತಿಗೆ ಅವಳ ಕೈಲಾಗುವುದು ಅಷ್ಟೇ ಇರಬಹುದು.

ಮನೆಗೆ ಬಂದ ಮೇಲೆ "ಮೆಸೇಜ್ ನೋಡಿದ್ಯಾ?" ಅನ್ನಬೇಡ. ಬರೆದದ್ದನ್ನೇ ಬಾಯಲ್ಲಿ ಒಂದು ಸಲ ಹೇಳು. ಮುಖ ನೋಡಿ ಹೇಳಬೇಕಾದದ್ದನ್ನು ಫೋನಿಗೇ ಬಿಟ್ಟು ಸುಮ್ಮನಾದರೆ ಅರ್ಧ ಕೆಲಸ ಆದ ಹಾಗೆ. ಹಾಗೇ, ಈ ನಾಲ್ಕು ಸಾಲು ಇಂಥ ಸಣ್ಣ ಜಗಳಕ್ಕೆ ಮಾತ್ರ. ದುಡ್ಡು ಮುಚ್ಚಿಟ್ಟದ್ದು, ತವರಿನವರನ್ನು ಹೀಯಾಳಿಸಿದ್ದು, ಕೈ ಎತ್ತಿದ್ದು, ಇದೆಲ್ಲ ಮೆಸೇಜಿನಲ್ಲಿ ತೀರುವುದಲ್ಲ.

ಅವಳು ಮಾತಿಗೆ ಬಂದಾಗ ನಡುವೆ ಬಾಯಿ ಹಾಕದೆ ಕೇಳು. ಭಾನುವಾರ ಒಬ್ಬ ಗೆಳೆಯ ತನ್ನ ಪುಟ್ಟ ಮಗಳನ್ನೂ ಕರೆತಂದಿದ್ದ ಅಂದೆಯಲ್ಲ. ಮೂರು ವರ್ಷದ ಕೂಸು ಮಂಡಕ್ಕಿ ತಟ್ಟೆಗೆ ಕೈ ಹಾಕುತ್ತದೆ ಅಂತ ಅವಳು ಖಾರ ಕಡಿಮೆ ಹಾಕಿರಬಹುದು. ಕೇಳಿದೆಯಾ?

ನಾನು ಬರೆದದ್ದನ್ನೇ ಇಳಿಸಿ ಕಳಿಸಬೇಡ, ನಿನ್ನ ಮಾತಿನಲ್ಲೇ ಬರಿ. ಬರೆದ ಮೇಲೆ ಸರಿ ಇದೆಯಾ ಅಂತ ನನಗೂ ತೋರಿಸಬೇಡ. ಮೊದಲು ಅವಳೇ ಓದಲಿ.

ನಿನ್ನ,
ದೊಡ್ಡಮ್ಮ