ನಿದ್ದೆ ಕಡಿಮೆಯಾದವರಿಗೇ ನೆಗಡಿ ಹೆಚ್ಚೇಕೆ?

ಮಾನ್ಯ ಸಂಪಾದಕರೇ,

ಕಡಿಮೆ ನಿದ್ದೆ ಮಾಡುವವರಿಗೆ ಪದೇ ಪದೇ ನೆಗಡಿಯಾಗುವುದು ಅವರು ಹೆಚ್ಚು ಹೊತ್ತು ಜನರ ನಡುವೆ ಇರುವುದರಿಂದಲೇ ಎಂದು ವಾದಿಸುವವರಿದ್ದಾರೆ. ಅಮೆರಿಕದಲ್ಲಿ ಆರಿಕ್ ಪ್ರಾದರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಾದವನ್ನು ದುರ್ಬಲಗೊಳಿಸುತ್ತದೆ. ಅವರು 164 ಆರೋಗ್ಯವಂತರ ಮಣಿಕಟ್ಟಿಗೆ ಚಲನೆ ದಾಖಲಿಸುವ ಸಾಧನ ಕಟ್ಟಿ ಒಂದು ವಾರದ ನಿದ್ದೆಯನ್ನು ಅಳೆದರು. ಬಳಿಕ ಎಲ್ಲರ ಮೂಗಿಗೂ ನೆಗಡಿಯ ವೈರಸ್ ಇದ್ದ ಹನಿಗಳನ್ನು ಬಿಟ್ಟು, ಐದು ದಿನ ಹೊರಗಿನವರಿಂದ ದೂರವಿರಿಸಿ, ಮೂಗೊರೆಸಿದ ಕಾಗದಗಳನ್ನು ತೂಗಿ ಸಿಂಬಳದ ಪ್ರಮಾಣವನ್ನೂ ಲೆಕ್ಕಹಾಕಿದರು. ವೈರಸ್ ಎಲ್ಲರನ್ನೂ ಒಂದೇ ರೀತಿ ತಲುಪಿದರೂ, ಐದು ಗಂಟೆಗಿಂತ ಕಡಿಮೆ ನಿದ್ರಿಸಿದವರಲ್ಲಿ ಶೇ 45ರಷ್ಟು, ಏಳು ಗಂಟೆಗಿಂತ ಹೆಚ್ಚು ನಿದ್ರಿಸಿದವರಲ್ಲಿ ಶೇ 17ರಷ್ಟು ಮಂದಿಗೆ ನೆಗಡಿಯಾಯಿತು. ಇದನ್ನು ‘ನಾಲ್ಕು ಪಟ್ಟು ಅಪಾಯ’ ಎಂದು ಹೇಳುವುದುಂಟು. ಅದು ಸಂಖ್ಯಾಶಾಸ್ತ್ರದ ಬೇರೊಂದು ಅನುಪಾತ, ತಲೆಯೆಣಿಕೆಯಲ್ಲಿ ವ್ಯತ್ಯಾಸ ಎರಡೂವರೆ ಪಟ್ಟಿಗೆ ತುಸು ಮೇಲಷ್ಟೇ. ಅಷ್ಟೇ ಸಾಕಷ್ಟು ಗಂಭೀರವಾಗಿರುವಾಗ ಉತ್ಪ್ರೇಕ್ಷೆ ಬೇಡ.

ಕಾರಣದ ಒಂದು ಎಳೆಯೂ ಸಿಕ್ಕಿದೆ. ವೈರಸ್ ಹೊಕ್ಕ ಜೀವಕೋಶವನ್ನು ಕೊಲ್ಲಲು ರಕ್ತದ ಟಿ ಕೋಶವು ಮೊದಲು ಅದಕ್ಕೆ ಅಂಟಿಕೊಳ್ಳಬೇಕು. ನಿದ್ದೆಯಲ್ಲಿ ಇಳಿಯಬೇಕಾದ ಅಡ್ರಿನಲಿನ್‌ನಂಥ ಹಾರ್ಮೋನುಗಳು ಎಚ್ಚರದಲ್ಲಿ ಇಳಿಯದೆ ಉಳಿದು ಆ ಅಂಟುಗುಣವನ್ನು ಕುಗ್ಗಿಸುತ್ತವೆ.

ಒಂದು ಮಿತಿಯನ್ನು ಹೇಳಲೇಬೇಕು: ಪ್ರಾದರ್ ತಂಡ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ, ಇದ್ದದ್ದನ್ನು ಅಳೆಯಿತು. ಒತ್ತಡ, ಧೂಮಪಾನದಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನಿದ್ದೆಯೊಂದೇ ಕಾರಣವೆಂದು ಅದರಿಂದ ಸಾಬೀತಾಗದು.

– ಓರ್ವ ಓದುಗ