ರಾಜ್ಯೋತ್ಸವದ ಕ್ಯಾಲೆಂಡರ್ ಎಂಟ್ರಿ ಬಗ್ಗೆ

ಎಲ್ಲರಿಗೂ ನಮಸ್ಕಾರ. ನವೆಂಬರ್ 1ರ ರಾಜ್ಯೋತ್ಸವದ ಎಂಟ್ರಿ ನ್ಯೂಜೆರ್ಸಿಯವರ ಫೋನಿನಲ್ಲಿ ಅಕ್ಟೋಬರ್ 31ಕ್ಕೇ ಕಾಣಿಸುತ್ತಿದೆ. ತಪ್ಪು ನಿಮ್ಮ ಫೋನಿನದಲ್ಲ, ಕಳಿಸಿದ ಫೈಲಿನದು. ಅದರಲ್ಲಿ ಹೀಗಿತ್ತು:

```
DTSTART:20261031T183000Z
```

ಕೊನೆಯ Z ಅಂದರೆ ಯುಟಿಸಿ, ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ. ನಮ್ಮ ಮಧ್ಯರಾತ್ರಿ 12 ಗಂಟೆ ಆ ಲೆಕ್ಕದಲ್ಲಿ ಹಿಂದಿನ ದಿನ ಸಂಜೆ 6:30. ಬೆಂಗಳೂರಿನ ಫೋನು ಅದಕ್ಕೆ ಐದೂವರೆ ಗಂಟೆ ಕೂಡಿಸಿ 1ನೇ ತಾರೀಖೇ ತೋರಿಸುತ್ತದೆ, ಹಾಗಾಗಿ ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನ್ಯೂಜೆರ್ಸಿಯ ಫೋನು ನಾಲ್ಕು ಗಂಟೆ ಕಳೆದು, 31ರ ಮಧ್ಯಾಹ್ನ 2:30ಕ್ಕೆ ತಂದು ಕೂರಿಸುತ್ತದೆ. ಇಡೀ ದಿನದ ಎಂಟ್ರಿಗೆ ಗಂಟೆಯೇ ಇರಬಾರದು, ಬರೀ ತಾರೀಖು ಸಾಕು:

```
DTSTART;VALUE=DATE:20261101
DTEND;VALUE=DATE:20261102
```

2ನೇ ತಾರೀಖು ನೋಡಿ ಗಾಬರಿಯಾಗಬೇಡಿ, ಮುಗಿಯುವ ದಿನ ಲೆಕ್ಕಕ್ಕೆ ಸೇರುವುದಿಲ್ಲ.

ಹಳೆಯ ಎಂಟ್ರಿ ಅಳಿಸಿ, ಈಗ ಹಾಕುವ ಹೊಸ ಫೈಲ್ ತೆರೆಯಿರಿ. ಹಳೆಯದನ್ನೇ ಎಳೆದು 1ಕ್ಕೆ ಸರಿಸಬೇಡಿ, ಒಳಗಿನ ಗಂಟೆ ಹಾಗೇ ಉಳಿದು ಊರು ಬದಲಿಸಿದಾಗ ಮತ್ತೆ ಜಾರುತ್ತದೆ. ಎಂಟ್ರಿ ತೆರೆದಾಗ ಗಂಟೆ ಕಾಣದೆ ‘ಇಡೀ ದಿನ’ ಅಂತಷ್ಟೇ ಇದ್ದರೆ ಸರಿಯಿದೆ. ಆನ್‌ಲೈನ್ ಕವಿಗೋಷ್ಠಿಗೆ ಮಾತ್ರ ಗಂಟೆ ಬೇಕೇ ಬೇಕು, ಅದರ ಎಂಟ್ರಿ ಬೇರೆ ಬರುತ್ತದೆ.